ಮನೆ ನಮಗೇ ಬೇಕಾಗಿದೆ, ಆದರೆ ಅವಸರವಿಲ್ಲ

"ಮಗನ ಮದುವೆ ಗೊತ್ತಾಗಿದೆ, ಮೇಲಿನ ಮನೆ ಇನ್ನು ನಮಗೇ ಬೇಕಾಗುತ್ತೆ. ಅವಸರ ಏನಿಲ್ಲ, ನಿಧಾನವಾಗಿ ಬೇರೆ ಮನೆ ನೋಡ್ಕೊಳ್ಳಿ." ಬೆಂಗಳೂರು, ಮೈಸೂರು, ತುಮಕೂರಿನ ಬಡಾವಣೆಗಳಲ್ಲಿ ಬಾಡಿಗೆ ಮನೆಯಲ್ಲಿದ್ದವರಲ್ಲಿ ಈ ಮಾತು ಕೇಳದವರು ಕಡಿಮೆ. ಹೇಳುವ ಮಾಲೀಕರಿಗೂ ಮುಜುಗರ, ಕೇಳುವವರಿಗೂ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಇಬ್ಬರೂ ಮಾತನ್ನು ಅಲ್ಲಿಗೇ ಮುಗಿಸಿ, ಕಾಫಿ ಕುಡಿದು ಏಳುತ್ತಾರೆ. ದಿನಾಂಕದ ಮಾತು ಬರುವುದೇ ಇಲ್ಲ.

ತೊಂದರೆ ಶುರುವಾಗುವುದು ಅಲ್ಲಿಂದಲೇ. ನಿಧಾನವಾಗಿ ಎಂದಾಗ ಮಾಲೀಕರ ಮನಸ್ಸಿನಲ್ಲಿದ್ದದ್ದು ಮೂರು ತಿಂಗಳು. ಬಾಡಿಗೆದಾರರಿಗೆ ಅರ್ಥವಾದದ್ದು ಮಕ್ಕಳ ಓದು ಮುಗಿಯುವವರೆಗೆ. ಮೂರು ತಿಂಗಳಾದ ಮೇಲೆ "ಮನೆ ಸಿಕ್ತಾ?" ಎಂದು ಮಾಲೀಕರು ಕೇಳುತ್ತಾರೆ, ಇವರು ಒಂದು ಮನೆಯನ್ನೂ ನೋಡಿರುವುದಿಲ್ಲ. ಐದನೇ ತಿಂಗಳಿಗೆ ಮುಖ ಕೊಟ್ಟು ಮಾತಾಡುವುದು ನಿಲ್ಲುತ್ತದೆ. ಮದುವೆ ಹತ್ತಿರ ಬಂದಾಗ ನೀರಿನ ಮೋಟಾರಿಗೂ ಗಾಡಿ ನಿಲ್ಲಿಸುವ ಜಾಗಕ್ಕೂ ಜಗಳ. ಇಬ್ಬರೂ ಒಳ್ಳೆಯವರೇ ಆಗಿದ್ದು, ಧಾರಾಳವಾಗಿ ಕೊಟ್ಟ ಕಾಲಾವಕಾಶವೇ ಹಗೆತನಕ್ಕೆ ತಿರುಗುವುದು ಹೀಗೆ. ಧಾರಾಳವಾದ ಗಡುವು ಇಬ್ಬರಿಗೂ ನೆರವಾಗಬೇಕಾದರೆ ಅದಕ್ಕೆ ಒಂದು ದಿನಾಂಕವಿರಬೇಕು, ಅದು ಕಾಗದದ ಮೇಲಿರಬೇಕು, ಅಡ್ವಾನ್ಸ್ ಹಣದ ಲೆಕ್ಕ ಅದರೊಳಗೇ ಇರಬೇಕು.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡಬೇಕು. ಹೆಚ್ಚಿನವರ ತಲೆಯಲ್ಲಿ ಇನ್ನೂ ಹಳೆಯ ಕಾಯ್ದೆಯೇ ಕುಳಿತಿದೆ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆ ಸ್ವಂತಕ್ಕೆ ಬೇಕು ಎಂದ ಮಾಲೀಕರು ಅದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಿತ್ತು. ಅಗತ್ಯ ನಿಜವೇ, ನ್ಯಾಯವಾದದ್ದೇ ಎಂದು ನ್ಯಾಯಾಧೀಶರು ನೋಡುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಮನೆ ಬಿಡಿಸಿದರೆ ಬಾಡಿಗೆದಾರರಿಗೆ ಆಗುವ ಕಷ್ಟ ಹೆಚ್ಚೋ, ಬಿಡಿಸದಿದ್ದರೆ ಮಾಲೀಕರಿಗೆ ಆಗುವ ಕಷ್ಟ ಹೆಚ್ಚೋ ಎಂದು ತೂಗಿ ನೋಡಬೇಕಿತ್ತು. ಮನೆಯ ಒಂದು ಭಾಗವನ್ನಷ್ಟೇ ಬಿಡಿಸಿಕೊಟ್ಟರೆ ಸಾಕೇ ಎಂಬ ಪ್ರಶ್ನೆಯೂ ಬರುತ್ತಿತ್ತು. ಮೊಕದ್ದಮೆಗಳು ವರ್ಷಗಟ್ಟಲೆ ಎಳೆಯುತ್ತಿದ್ದವು. "ಬಾಡಿಗೆಗೆ ಕೊಟ್ಟರೆ ಮನೆ ಹೋದ ಹಾಗೇ" ಎಂದು ಹಿರಿಯರು ಇಂದಿಗೂ ಹೆದರುವುದು ಆ ಅನುಭವದಿಂದ.

ಆ ಕಾಯ್ದೆ ಈಗಿಲ್ಲ. ಅದರ ಜಾಗಕ್ಕೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಮಾಲೀಕರಿಗೋ ಅವರ ಕುಟುಂಬದವರಿಗೋ ವಾಸಕ್ಕೆ ಬೇಕು, ಬೇರೆ ಸರಿಯಾದ ಮನೆ ಇಲ್ಲ ಎಂಬುದು ಅದರ 27ನೇ ಕಲಮಿನಲ್ಲೂ ಒಂದು ಕಾರಣವಾಗಿ ಉಳಿದಿದೆ. ಆದರೆ ಈ ಕಾಯ್ದೆಗೆ ಒಂದು ಮಿತಿಯಿದೆ. ಪಟ್ಟಿಯಲ್ಲಿ ಹೆಸರಿಸಿದ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ, ಉಳಿದ ಕಡೆ 2,000 ರೂಪಾಯಿ ಮೀರಿದರೆ, ಅದು ಅನ್ವಯಿಸುವುದಿಲ್ಲ. ಇಂದು ನಗರದಲ್ಲಿ ಆ ಬಾಡಿಗೆಗೆ ಒಂದು ಕೋಣೆ ಸಿಕ್ಕುವುದೂ ಕಷ್ಟ. ಅಂದರೆ ಈ ಲೇಖನ ಓದುತ್ತಿರುವ ಬಹುಪಾಲು ಬಾಡಿಗೆದಾರರಿಗೆ ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ಲ. ಅವರ ಮತ್ತು ಮಾಲೀಕರ ಸಂಬಂಧ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ತಾವೇ ಸಹಿ ಮಾಡಿದ ಬಾಡಿಗೆ ಕರಾರಿನ ಮೇಲೆ.

ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು 15 ದಿನದ ಲಿಖಿತ ನೋಟಿಸ್ ಸಾಕು. ಆ ದಿನಗಳು ಎಣಿಕೆಗೆ ಬರುವುದು ನೋಟಿಸ್ ಕೈಸೇರಿದ ದಿನದಿಂದ. ಮಗನಿಗೆ ಬೇಕು, ಮಗಳಿಗೆ ಬೇಕು, ವಯಸ್ಸಾದ ತಾಯಿಯನ್ನು ಊರಿಂದ ಕರೆತರಬೇಕು ಎಂಬ ಕಾರಣ ಕೊಡಬೇಕಾದ ಅಗತ್ಯವನ್ನೇ ಅದು ಕೇಳುವುದಿಲ್ಲ. ಕರಾರಿನಲ್ಲಿ ಎರಡು ಅಥವಾ ಮೂರು ತಿಂಗಳ ನೋಟಿಸ್ ಎಂದು ಬರೆದಿದ್ದರೆ ಅದೇ ಅಂತಿಮ. ಇನ್ನೊಂದು ಕಡೆ, ಕರಾರಿನ ಅವಧಿ ಇನ್ನೂ ಬಾಕಿಯಿದ್ದು, ಮಧ್ಯದಲ್ಲಿ ಬಿಡಿಸುವ ಷರತ್ತು ಅದರಲ್ಲಿ ಇಲ್ಲದಿದ್ದರೆ, ಮನೆಯವರ ಅಗತ್ಯ ಎಷ್ಟೇ ನಿಜವಾದರೂ ಅವಧಿ ಮುಗಿಯುವವರೆಗೆ ಮಾಲೀಕರು ಕಾಯಲೇಬೇಕು. ಕಾನೂನು ಕೊಡುವುದು 15 ದಿನ. ಒಳ್ಳೆಯ ಮಾಲೀಕರು ಕೊಡುವುದು ಆರು, ಏಳು ತಿಂಗಳು. ಆ ಹೆಚ್ಚುವರಿ ಕಾಲವೆಲ್ಲ ಮಾಲೀಕರ ಸೌಜನ್ಯದಿಂದ ಬಂದದ್ದು. ಹಾಗೆಂದೇ ಅದರ ನಿಯಮಗಳನ್ನು ಇಬ್ಬರೂ ಕುಳಿತು ತಾವೇ ಬರೆದುಕೊಳ್ಳಬೇಕಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮೈಸೂರಿನ ಕುವೆಂಪುನಗರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಎರಡಂತಸ್ತಿನ ಮನೆ ಎಂದುಕೊಳ್ಳಿ. ಕೆಳಗೆ ದಂಪತಿ, ಮೇಲೆ ಬಾಡಿಗೆಗೆ ಒಂದು ಸಂಸಾರ. ಬಾಡಿಗೆ 18,000 ರೂಪಾಯಿ, ಅಡ್ವಾನ್ಸ್ 1,50,000. ಹನ್ನೊಂದು ತಿಂಗಳ ಕರಾರು ಜುಲೈ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂಬ ನಿಯಮವಿರುವುದರಿಂದಲೇ ಈ ಹನ್ನೊಂದು ತಿಂಗಳ ಲೆಕ್ಕ ರೂಢಿಗೆ ಬಂದದ್ದು. ಬಾಡಿಗೆದಾರರ ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಳೆ. ದೀಪಾವಳಿ ಹೊತ್ತಿಗೆ ಮೇಷ್ಟ್ರ ಮಗ ಪುಣೆಯ ಕೆಲಸ ಬಿಟ್ಟು ಸಂಸಾರ ಸಮೇತ ಊರಿಗೆ ಬರುವುದು ಖಚಿತವಾಯಿತು.

ಮೇಷ್ಟ್ರು ಮೊದಲು ಮಾಡಬೇಕಾದ್ದು ಮೇಲೆ ಹೋಗಿ ಎದುರು ಕುಳಿತು ಹೇಳುವುದು. ಫೋನಿನಲ್ಲೋ ಬ್ರೋಕರ್ ಮೂಲಕವೋ ಹೇಳಿಸಿದರೆ ಅಲ್ಲೇ ಮನಸ್ಸು ಮುರಿಯುತ್ತದೆ. ಅದಾಗಿ ಒಂದೆರಡು ದಿನದೊಳಗೆ ಕಾಗದ ಕೊಡಬೇಕು. ವಕೀಲರ ಭಾಷೆ ಬೇಕಿಲ್ಲ; ಇಷ್ಟು ಸಾಕು:

"ನಮ್ಮ ಮಗ ಸಂಸಾರದೊಂದಿಗೆ ಮೈಸೂರಿಗೆ ಬಂದು ನೆಲೆಸುವುದರಿಂದ ನೀವು ವಾಸವಿರುವ ಮೊದಲನೇ ಮಹಡಿಯ ಮನೆ ನಮಗೆ ಬೇಕಾಗಿದೆ. ನಿಮ್ಮ ಮಗಳ ಪರೀಕ್ಷೆ ಮುಗಿದು ಅನುಕೂಲವಾಗಲಿ ಎಂದು ಮೇ 31ರವರೆಗೆ ಸಮಯವಿದೆ. ಆ ದಿನ ಕರಾರಿನ ಅವಧಿಯೂ ಮುಗಿಯುತ್ತದೆ, ಅದನ್ನು ಮುಂದುವರಿಸುವುದಿಲ್ಲ. ಅದಕ್ಕೂ ಮೊದಲೇ ಮನೆ ಸಿಕ್ಕರೆ ಒಂದು ವಾರ ಮುಂಚೆ ತಿಳಿಸಿ ಹೊರಡಬಹುದು. ಹೊರಟ ದಿನದವರೆಗೆ ಮಾತ್ರ ಬಾಡಿಗೆ. ಅಲ್ಲಿಯವರೆಗೆ ಬಾಡಿಗೆ ಏರಿಸುವುದಿಲ್ಲ. ಹೊಸ ಮನೆ ಗೊತ್ತಾದಾಗ ಅಡ್ವಾನ್ಸಿನಲ್ಲಿ 75,000 ರೂಪಾಯಿ, ಬೀಗದ ಕೈ ಕೊಡುವ ದಿನ ಉಳಿದ ಹಣ ಕೊಡುತ್ತೇವೆ."

ಇದರ ಎರಡು ಪ್ರತಿ ಬೇಕು. ಒಂದನ್ನು ಬಾಡಿಗೆದಾರರಿಗೆ ಕೊಟ್ಟು, ಇನ್ನೊಂದರ ಮೇಲೆ "ಪತ್ರ ತಲುಪಿದೆ" ಎಂದು ದಿನಾಂಕದೊಂದಿಗೆ ಸಹಿ ಹಾಕಿಸಿಕೊಳ್ಳಬೇಕು. ಸಹಿ ಕೇಳಲು ಸಂಕೋಚವಾದರೆ ಅಂಚೆಯಲ್ಲಿ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಬಹುದು. 106ನೇ ಕಲಂ ಅಂಚೆಯ ನೋಟಿಸನ್ನೂ, ಕೈಯಲ್ಲಿ ಕೊಟ್ಟ ನೋಟಿಸನ್ನೂ, ಮನೆಯವರ ಕೈಗೆ ಕೊಟ್ಟದ್ದನ್ನೂ ಒಪ್ಪುತ್ತದೆ. ಎಷ್ಟೋ ಬಾಡಿಗೆದಾರರು ಸಹಿ ಹಾಕಲು ಹೆದರುತ್ತಾರೆ, ತಮ್ಮ ಹಕ್ಕನ್ನೇ ಬರೆದುಕೊಟ್ಟಂತೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಮೇಲಿನ ಕಾಗದದಿಂದ ಹೆಚ್ಚು ಲಾಭ ಅವರಿಗೇ. ಬಾಡಿಗೆ ಏರುವುದಿಲ್ಲ, ಬೇಕಾದಾಗ ಹೊರಡಬಹುದು, ಅಡ್ವಾನ್ಸ್ ಎಂದು ಬರುತ್ತದೆಂಬುದು ಗೊತ್ತಿದೆ. ಬಾಯಿಮಾತಿನಲ್ಲಿ ಇದ್ಯಾವುದಕ್ಕೂ ಆಧಾರವಿರುವುದಿಲ್ಲ.

ಇನ್ನು ಅಡ್ವಾನ್ಸಿನ ವಿಷಯ. ಹೆಚ್ಚಿನ ಮನೆಗಳು ಹೇಳಿದ ದಿನಕ್ಕೆ ಖಾಲಿಯಾಗದೆ ಉಳಿಯುವುದು ಹಠದಿಂದಲ್ಲ, ಈ ಹಣ ಸಿಕ್ಕಿಕೊಂಡಿರುವುದರಿಂದ. ಹೊಸ ಮನೆಯ ಮಾಲೀಕರು ಮೊದಲು ಟೋಕನ್ ಕೇಳುತ್ತಾರೆ, ಬೀಗದ ಕೈ ಕೊಡುವ ಮುನ್ನ ಅಡ್ವಾನ್ಸ್ ಪೂರ್ತಿ ಕೊಡಬೇಕೆನ್ನುತ್ತಾರೆ. ಹಳೆಯ ಮನೆಯ ಮಾಲೀಕರು ಮನೆ ಖಾಲಿಯಾದ ಮೇಲೆ, ಕೆಲವರು ಮುಂದಿನ ಬಾಡಿಗೆದಾರರು ಬಂದ ಮೇಲೆ, ಹಣ ಕೊಡುತ್ತಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಪದ್ಧತಿ ಬಹುಕಾಲದಿಂದ ಇದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಸಾಕೆಂದಿತ್ತು. ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ, ರಾಜ್ಯ ತನ್ನದೇ ಕಾನೂನು ಮಾಡದೆ ಅದು ಜಾರಿಗೆ ಬರುವಂಥದ್ದಲ್ಲ. ಹೀಗಾಗಿ ಸಂಬಳದಲ್ಲಿ ಬದುಕುವ ಸಂಸಾರ ಕೆಲವು ದಿನಗಳ ಮಟ್ಟಿಗೆ ಎರಡು ಅಡ್ವಾನ್ಸ್ ಹೊತ್ತುಕೊಳ್ಳಬೇಕಾಗುತ್ತದೆ. ಅದಕ್ಕೆ ಒಡವೆ ಅಡ ಇಡುವವರಿದ್ದಾರೆ, ಬಡ್ಡಿಗೆ ತರುವವರಿದ್ದಾರೆ.

ಮಾಲೀಕರ ಕಡೆಯ ಸತ್ಯವನ್ನೂ ಹೇಳಬೇಕು. ಅಡ್ವಾನ್ಸ್ ಹಣ ಬ್ಯಾಂಕಿನಲ್ಲಿ ಹಾಗೇ ಕುಳಿತಿರುವುದು ಅಪರೂಪ. ಮಹಡಿ ಕಟ್ಟಿದ ಸಾಲಕ್ಕೋ ಮಗಳ ಓದಿಗೋ ಅದು ಎಂದೋ ಖರ್ಚಾಗಿರುತ್ತದೆ. ಮನೆ ಮರುಬಾಡಿಗೆಗೆ ಹೋಗುವುದಾದರೆ ಹೊಸಬರ ಅಡ್ವಾನ್ಸಿನಿಂದ ಹಳಬರಿಗೆ ಕೊಡಬಹುದು. ಸ್ವಂತದವರೇ ಬಂದು ಇರುವಾಗ ಆ ದಾರಿ ಇಲ್ಲ, ಪೂರ್ತಿ ಹಣ ಕೈಯಿಂದ ಹೊಂದಿಸಬೇಕು. ಏಳು ತಿಂಗಳ ಗಡುವು ಬಾಡಿಗೆದಾರರಿಗೆ ಎಷ್ಟು ಬೇಕೋ ಮಾಲೀಕರಿಗೂ ಅಷ್ಟೇ ಬೇಕು. ನಮ್ಮ ಉದಾಹರಣೆಯ ಮೇಷ್ಟ್ರು ನವೆಂಬರಿನಿಂದ ಬರುವ ಬಾಡಿಗೆಯನ್ನೇ ಮುಟ್ಟದೆ ಇಟ್ಟರೆ ಮೇ ಹೊತ್ತಿಗೆ ಏಳು ತಿಂಗಳಿಗೆ 1,26,000 ರೂಪಾಯಿ ಆಗುತ್ತದೆ. ಮಿಕ್ಕದ್ದು 24,000.

ಏಪ್ರಿಲ್ ಮಧ್ಯದಲ್ಲಿ ಬಾಡಿಗೆದಾರರಿಗೆ ಸರಸ್ವತಿಪುರಂನಲ್ಲಿ ಮನೆ ಸಿಕ್ಕಿತೆನ್ನಿ. ಮೇಷ್ಟ್ರು ಒಪ್ಪಿದಂತೆ 75,000 ಕೊಟ್ಟು, ಇದು ಅಡ್ವಾನ್ಸಿನ ಅರ್ಧ ಎಂದು ಬರೆದ ರಸೀದಿ ಪಡೆಯುತ್ತಾರೆ. ಹಣ ಬ್ಯಾಂಕಿನ ಮೂಲಕ ಹೋದರೆ ಇನ್ನೂ ಒಳ್ಳೆಯದು. ಸಂಸಾರ ಏಪ್ರಿಲ್ 20ಕ್ಕೆ ಹೊರಡುತ್ತದೆ. ದಿನಕ್ಕೆ 600ರಂತೆ ಇಪ್ಪತ್ತು ದಿನದ ಬಾಡಿಗೆ 12,000. ಆ ತಿಂಗಳು ಪೂರ್ತಿ ಬಾಡಿಗೆ ಕಟ್ಟಿದ್ದರೆ 6,000 ವಾಪಸು ಬರಬೇಕು. ನೀರು, ಕರೆಂಟಿನ ಬಾಕಿ 850 ಎಂದಿಟ್ಟುಕೊಂಡರೆ, ಬೀಗದ ಕೈ ಕೊಡುವ ದಿನ ಬಾಡಿಗೆದಾರರ ಕೈಗೆ 75,000 ಮತ್ತು 6,000 ಸೇರಿ, 850 ಕಳೆದು, 80,150 ರೂಪಾಯಿ.

ಇದರಲ್ಲಿ ಬಣ್ಣದ ಖರ್ಚು ಹಿಡಿದಿಲ್ಲ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆ ಮುರಿದುಕೊಳ್ಳುವುದು ನಮ್ಮಲ್ಲಿ ರೂಢಿ, ಕರಾರಿನಲ್ಲಿ ಬರೆದಿದ್ದರೆ ಮಾಲೀಕರು ಕೇಳಲೂಬಹುದು. ಆದರೂ ಬಾಡಿಗೆದಾರರು ತಾವಾಗಿ ಹೊರಡುತ್ತಿಲ್ಲ, ಮಾಲೀಕರು ತಮ್ಮ ಮನೆಯವರಿಗಾಗಿ ಬಿಡಿಸುತ್ತಿದ್ದಾರೆ. ಬರುವ ಮಗ ಸೊಸೆಗೆಂದು ಹೇಗೂ ಬಣ್ಣ ಹೊಡೆಸುವವರೇ. ಇಂಥ ಸಂದರ್ಭದಲ್ಲಿ 18,000 ಮುರಿಯುವುದು ನ್ಯಾಯವಲ್ಲ. ಲಾರಿ, ಹಮಾಲಿ, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಎಂದು ಅವರಿಗೆ ಆಗಲೇ ಬೇಕಾದಷ್ಟು ಕೈಬಿಟ್ಟಿರುತ್ತದೆ.

ಗಡುವು ಯಾವ ತಿಂಗಳಿಗೆ ಮುಗಿಯಬೇಕು ಎಂಬುದೂ ಉದ್ದದಷ್ಟೇ ಮುಖ್ಯ. ಡಿಸೆಂಬರಿಗೆ ಮುಗಿಯುವ ಏಳು ತಿಂಗಳಿಗಿಂತ ಮೇ ತಿಂಗಳಿಗೆ ಮುಗಿಯುವ ಐದು ತಿಂಗಳು ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಅನುಕೂಲ. ಪರೀಕ್ಷೆ ಮಾರ್ಚ್, ಏಪ್ರಿಲಿಗೆ ಮುಗಿದು, ಶಾಲೆ ಮತ್ತೆ ತೆರೆಯುವುದು ಮೇ ಕೊನೆ, ಜೂನ್ ಹೊತ್ತಿಗೆ. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ, ಹಾಲುಕ್ಕಿಸಲು ಅನೇಕರು ಶ್ರಾವಣದವರೆಗೆ ಕಾಯುತ್ತಾರೆ. ಧನುರ್ಮಾಸದಲ್ಲೂ ಹಾಗೇ. ಗಡುವು ಆಷಾಢದ ನಡುವೆ ಬಿದ್ದರೆ ಬಾಡಿಗೆದಾರರು ಇನ್ನೊಂದು ತಿಂಗಳು ಕೇಳುತ್ತಾರೆ ಎಂಬುದನ್ನು ಮಾಲೀಕರು ಮೊದಲೇ ಲೆಕ್ಕ ಹಾಕಬೇಕು. ಹೊರಡುವವರಿಗೆ ಸಣ್ಣ ಕೆಲಸಗಳೂ ಬೇಕಾದಷ್ಟಿವೆ. ಗೃಹಜ್ಯೋತಿ ಪಡೆಯುತ್ತಿದ್ದರೆ ಹಳೆಯ ಮನೆಯ ಆರ್‌.ಆರ್‌. ಸಂಖ್ಯೆಯಿಂದ ತಮ್ಮ ಆಧಾರ್ ಬಿಡಿಸಿ ಹೊಸ ಮನೆಯದಕ್ಕೆ ಜೋಡಿಸಬೇಕು. ಗ್ಯಾಸ್, ಬ್ಯಾಂಕು, ಶಾಲೆಯ ವಾಹನದ ವಿಳಾಸ ಬೇರೆ.

ಕಾಲಾವಕಾಶ ಕೊಟ್ಟ ಮಾಲೀಕರು ಎಡವುವ ಜಾಗ ಒಂದಿದೆ. ಗಡುವಿನ ದಿನ ಕಳೆಯುತ್ತದೆ, ಮನೆ ಖಾಲಿಯಾಗಿಲ್ಲ, ಮಾಲೀಕರು ಮುಂದಿನ ತಿಂಗಳ ಬಾಡಿಗೆಯನ್ನು ಎಂದಿನಂತೆ ತೆಗೆದುಕೊಳ್ಳುತ್ತಾರೆ. ಗಡುವಿನೊಳಗಿನ ಬಾಡಿಗೆ ತೆಗೆದುಕೊಂಡರೆ ತೊಂದರೆಯಿಲ್ಲ. ಅದು ಮುಗಿದ ಮೇಲಿನ ಬಾಡಿಗೆಯನ್ನು ತಕರಾರಿಲ್ಲದೆ ಪಡೆದರೆ, ಮಾಲೀಕರು ನೋಟಿಸನ್ನು ಕೈಬಿಟ್ಟರು ಎಂದೋ, ಬಾಡಿಗೆಯನ್ನು ಮುಂದುವರಿಸಲು ಒಪ್ಪಿದರು ಎಂದೋ ವಾದಿಸಲು ಸ್ವತ್ತು ವರ್ಗಾವಣೆ ಕಾಯ್ದೆಯ 113 ಮತ್ತು 116ನೇ ಕಲಮುಗಳಲ್ಲಿ ಎಡೆಯಿದೆ. ಬರೀ ಬಾಡಿಗೆ ಪಡೆದ ಮಾತ್ರಕ್ಕೆ ನೋಟಿಸ್ ಬಿದ್ದುಹೋಗುವುದಿಲ್ಲ, ಮಾಲೀಕರ ಉದ್ದೇಶ ಏನಿತ್ತು ಎಂಬುದನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಸರೂಪ್ ಸಿಂಗ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಆ ಉದ್ದೇಶ ತೋರಿಸಲು ಒಂದು ಸಾಲು ಸಾಕು: "ಮೇ 31ರ ಗಡುವಿಗೆ ಬದ್ಧರಾಗಿ, ಜೂನ್ ತಿಂಗಳ ವಾಸಕ್ಕೆ ಮಾತ್ರ ಪಡೆದ ಹಣ" ಎಂದು ರಸೀದಿಯಲ್ಲಿ ಬರೆಯುವುದು. ಹೆಚ್ಚುವರಿ ಸಮಯ ಕೊಡುವುದಾದರೆ ಅದಕ್ಕೂ ಹೊಸ ದಿನಾಂಕ ಬರೆಯಬೇಕು. ಇನ್ನೂ ದೊಡ್ಡ ಎಡವಟ್ಟೆಂದರೆ ಗಡುವಿನ ನಡುವೆ ಕರಾರು ಮುಗಿದಾಗ, ಬಾಡಿಗೆ ಐದು ಪರ್ಸೆಂಟ್ ಏರಿಸುವ ಆಸೆಗೆ ಮತ್ತೆ ಹನ್ನೊಂದು ತಿಂಗಳ ಕರಾರಿಗೆ ಸಹಿ ಮಾಡುವುದು. ಮೊದಲು ಕೊಟ್ಟ ಕಾಗದಕ್ಕೆ ಆಮೇಲೆ ಬೆಲೆಯೇ ಉಳಿಯುವುದಿಲ್ಲ.

ಬಾಡಿಗೆದಾರರ ಕಡೆಯಿಂದ ಬರುವ ತಪ್ಪು ಬೇರೆ ಬಗೆಯದು. ಮನೆ ಬಿಡಿ ಎಂದ ತಿಂಗಳಿಂದಲೇ ಬಾಡಿಗೆ ನಿಲ್ಲಿಸಿ "ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ" ಎನ್ನುವವರಿದ್ದಾರೆ. ಅಡ್ವಾನ್ಸ್ ಬರುವ ಬಗ್ಗೆ ಅನುಮಾನವಿದ್ದಾಗ ಹಾಗೆ ತೋರುವುದು ಸಹಜ. ಆದರೆ ಮಾಲೀಕರು ಒಪ್ಪದೆ ಹಾಗೆ ಮಾಡಿದರೆ ಅದು ಬಾಡಿಗೆ ಬಾಕಿಯೇ ಆಗುತ್ತದೆ, ಕೊಟ್ಟ ಗಡುವನ್ನು ಹಿಂದೆಗೆದುಕೊಳ್ಳಲು ಮಾಲೀಕರಿಗೆ ಕಾರಣ ಸಿಗುತ್ತದೆ. ಅನುಮಾನವಿದ್ದರೆ ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹೊಂದಿಸಲು ಮೊದಲೇ ಮಾತಾಡಿ ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ.

"ಮಗನಿಗೆ ಬೇಕು" ಎಂದು ಬಿಡಿಸಿ, ತಿಂಗಳೊಳಗೆ ಹೆಚ್ಚಿನ ಬಾಡಿಗೆಗೆ ಬೇರೆಯವರನ್ನು ತರುವ ಮಾಲೀಕರೂ ಇದ್ದಾರೆ. ಅದಕ್ಕೇ ನಿಜವಾಗಿ ಬೇಕಾದವರ ಮಾತನ್ನೂ ಜನ ನಂಬುವುದಿಲ್ಲ. ಬಾಡಿಗೆ ಹೆಚ್ಚಿಸಬೇಕಿದ್ದರೆ ಹಾಗೆಂದೇ ಹೇಳಿದರೆ ಎದುರಿನವರು ಕೊಡುವರೋ ಬಿಡುವರೋ ತೀರ್ಮಾನಿಸಿಕೊಳ್ಳುತ್ತಾರೆ. ಒಂದು ಸಂಸಾರದ ಪಾತ್ರೆ ಪಡಗವನ್ನು ಸುಳ್ಳು ಹೇಳಿ ಬೀದಿಗೆ ಇಳಿಸುವುದು ಸಣ್ಣ ಅಪರಾಧವಲ್ಲ.

ಭೋಗ್ಯದ ಮನೆಗಳಲ್ಲಿ ಲೆಕ್ಕ ಪೂರ್ತಿ ತಲೆಕೆಳಗು. ಅಲ್ಲಿ ತಿಂಗಳ ಬಾಡಿಗೆ ಇಲ್ಲ, ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು ಕುಳಿತಿರುತ್ತಾರೆ. ಹಣ ವಾಪಸು ಕೈಗೆ ಬರದೆ ಅವರು ಬೀಗದ ಕೈ ಕೊಡುವುದಿಲ್ಲ, ಕೊಡಲೂಬಾರದು. ಇಲ್ಲಿ ಗಡುವು ಬೇಕಿರುವುದು ಬಹುತೇಕ ಮಾಲೀಕರಿಗೇ. ಹಣದ ದಾರಿ ನೋಡಿಕೊಂಡು ಆಮೇಲೆ ದಿನಾಂಕ ಹೇಳಬೇಕು.

ಎಲ್ಲ ಸರಿಯಾಗಿ ಮಾಡಿಯೂ ಗಡುವು ಮೀರಿ ಮನೆ ಬಿಡದವರು ಸಿಕ್ಕಬಹುದು. ಆಗ ನೀರು ನಿಲ್ಲಿಸುವುದು, ಕರೆಂಟು ತೆಗೆಸುವುದು, ಇಲ್ಲದಾಗ ಬೇರೆ ಬೀಗ ಹಾಕುವುದು ಮಾಲೀಕರಿಗೇ ತಿರುಗಿ ಬೀಳುತ್ತದೆ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಬಾಡಿಗೆದಾರರು ಮತ್ತೆ ಅದೇ ಮನೆಗೆ ಬರಬಹುದು. ನೆಲೆನಿಂತ ಸ್ವಾಧೀನದಲ್ಲಿರುವವರನ್ನು ನಿಜವಾದ ಒಡೆಯನೂ ಬಲವಂತದಿಂದ ಎಬ್ಬಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಕರ್ನಾಟಕದಿಂದಲೇ ಹೋದ ರಾಮೇಗೌಡ ಮತ್ತು ವರದಪ್ಪ ನಾಯ್ಡು ಅವರ ಪ್ರಕರಣದಲ್ಲಿ ಎತ್ತಿ ಹೇಳಿದೆ. ವಕೀಲರ ನೋಟಿಸ್, ಆಮೇಲೆ ದಾವೆ, ಇದೊಂದೇ ದಾರಿ. ಅಲ್ಲಿ ಮೊದಲು ಕೇಳುವುದು ಕರಾರು, ನೋಟಿಸಿನ ಪ್ರತಿ, ಅದು ತಲುಪಿದ್ದಕ್ಕೆ ಪುರಾವೆ. ಸಹಿ ಇರುವ ಆ ಒಂದು ಹಾಳೆ ಮಾಲೀಕರ ಬಳಿ ಇದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಹಾಗಾಗಿ ಮಾಲೀಕರು "ಅವಸರವಿಲ್ಲ" ಎಂದ ದಿನವೇ ಬಾಡಿಗೆದಾರರು ಕೇಳಬೇಕಾದದ್ದು ಎರಡು: ಯಾವ ತಾರೀಖಿನವರೆಗೆ, ಅಡ್ವಾನ್ಸ್ ಯಾವಾಗ. ಕೇಳಲು ಸಂಕೋಚ ಬೇಡ. ಉತ್ತರವನ್ನು ಅದೇ ವಾರ ಕಾಗದದ ಮೇಲೆ ಬರೆಸಿ, ಒಂದು ಪ್ರತಿಯನ್ನು ಬಾಡಿಗೆ ಕರಾರಿನ ಜೊತೆಗೇ ಇಟ್ಟುಕೊಳ್ಳಿ.